ಎರಡು ವರ್ಷ ಒಂದೇ ಟೈಪ್-ಸಿ ಕೇಬಲ್: ಆಲ್ಬಮ್ ಕೆಲಸದವನ ಅನುಭವ

ದಾವಣಗೆರೆ ವಿದ್ಯಾನಗರದ ಮನೆಯ ಮೇಲಿನ ಕೋಣೆಯಲ್ಲಿ ಕೂತು ಮದುವೆ ಆಲ್ಬಮ್ ಮಾಡೋದು ನನ್ನ ಕೆಲಸ. ಹಗಲೆಲ್ಲ ಲ್ಯಾಪ್‌ಟಾಪ್ ನನ್ನ ಜೊತೆ ಛತ್ರದಲ್ಲಿರುತ್ತದೆ, ರಾತ್ರಿ 27 ಇಂಚಿನ 4ಕೆ ಮಾನಿಟರ್ ಮುಂದೆ ಬರುತ್ತದೆ. ಮೊದಲು ಮನೆಗೆ ಬಂದ ಕೂಡಲೇ ಚಾರ್ಜರ್, ಎಚ್‌ಡಿಎಂಐ, ಕೀಬೋರ್ಡ್, ಮೌಸ್, ಕಾರ್ಡ್ ರೀಡರ್ ಅಂತ ಐದು ವೈರ್ ಚುಚ್ಚುತ್ತಿದ್ದೆ. ಈಗ ಮಾನಿಟರ್‌ನಿಂದ ಬರುವ ಒಂದೇ ಟೈಪ್-ಸಿ ಕೇಬಲ್. ಉಳಿದಿದ್ದೆಲ್ಲ ಮಾನಿಟರ್ ಹಿಂದಿನ ಯುಎಸ್‌ಬಿ ಪೋರ್ಟ್‌ಗಳಲ್ಲೇ ಕಾಯಂ.

ಮಾನಿಟರ್ ಜೊತೆ ಬಂದ ಕೇಬಲ್ ಒಂದು ಮೀಟರಿಂದು. ಮೇಜಿಗೆ ಸಾಲಲಿಲ್ಲ. ಹತ್ತಿರದ ಅಂಗಡಿಗೆ ಹೋದರೆ, "ತಗಳಣ್ಣ, ಸಿ ಟೈಪ್ ಎಲ್ಲಾ ಒಂದೇ" ಅಂತ ಎರಡು ಮೀಟರಿನ ಫೋನ್ ಕೇಬಲ್ ಕೊಟ್ಟರು. ಚುಚ್ಚಿದೆ. ಚಾರ್ಜ್ ಆಗ್ತಿದೆ, ಮೌಸ್ ಓಡ್ತಿದೆ, ಮಾನಿಟರ್ ಮಾತ್ರ "ಸಿಗ್ನಲ್ ಇಲ್ಲ" ಅನ್ನುತ್ತದೆ. ಆಮೇಲೆ ಗೊತ್ತಾಯಿತು: ಇಂಥ ಬಹುತೇಕ ಫೋನ್ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮತ್ತು ಹಳೇ ಯುಎಸ್‌ಬಿ 2.0 ತಂತಿ ಅಷ್ಟೇ ಇರುತ್ತವೆ. ಚಿತ್ರ ಹೋಗಬೇಕಾದ ವೇಗದ ತಂತಿಗಳನ್ನೇ ಹಾಕಿರುವುದಿಲ್ಲ. ತುದಿ ಒಂದೇ ಥರ, ಹೊಟ್ಟೆಯೊಳಗಿನದು ಬೇರೆ. ಕೊನೆಗೆ ಮೇಜನ್ನೇ ಗೋಡೆಗೆ ಸರಿಸಿ ಮೂಲ ಕೇಬಲ್‌ಗೆ ಮರಳಿದೆ.

ನಿಜವಾದ ತಲೆನೋವು ಅದಾದ ಮೇಲೆ. ಚಿತ್ರ ಬಂತು, ಆದರೆ ಮೌಸ್ ಬಾಣ ಹಿಂದೆ ಹಿಂದೆ ಎಳೆದ ಹಾಗೆ ಕಾಣುತ್ತಿತ್ತು. ವಿಂಡೋಸ್ ಸೆಟ್ಟಿಂಗ್‌ನಲ್ಲಿ Advanced display ತೆರೆದು ನೋಡಿದರೆ 30 ಹರ್ಟ್ಜ್, ಅಂದರೆ ಸೆಕೆಂಡಿಗೆ ಮೂವತ್ತೇ ಸಲ ಚಿತ್ರ ಬದಲಾಗುತ್ತಿದೆ. 60 ಆಯ್ಕೆ ಮಾಡೋಣವೆಂದರೆ ಪಟ್ಟಿಯಲ್ಲೇ ಇಲ್ಲ. ಮಾನಿಟರ್ ಮೆನುವಿನಲ್ಲಿ ಟೈಪ್-ಸಿ ಆದ್ಯತೆ ಅನ್ನುವ ಜಾಗದಲ್ಲಿ ಎರಡು ಆಯ್ಕೆ ಸಿಕ್ಕವು, ಒಂದು ಹೆಚ್ಚು ರೆಸಲ್ಯೂಷನ್, ಇನ್ನೊಂದು ಹೆಚ್ಚು ಡೇಟಾ ವೇಗ. ಮೊದಲನೆಯದಕ್ಕೆ ಹಾಕಿದ ಕೂಡಲೇ 60 ಬಂತು, ಬಾಣ ನುಣುಪಾಗಿ ಓಡಿತು. ಖುಷಿಯಲ್ಲಿ ಮಂಡಕ್ಕಿ ಮಿರ್ಚಿ ತರಿಸಿದೆ. ಅದು ಖಾಲಿಯಾಗುವ ಮುಂಚೆಯೇ ಇನ್ನೊಂದು ಗೋಳು ಶುರುವಾಯಿತು. ಹನ್ನೊಂದು ಹನ್ನೆರಡು ನಿಮಿಷದಲ್ಲಿ ಇಳಿಯುತ್ತಿದ್ದ 60 ಜಿಬಿ ಫೋಟೋ ಕಾರ್ಡ್ ಅರ್ಧ ಗಂಟೆಯಾದರೂ ಮುಗಿಯಲಿಲ್ಲ.

ಕಾರಣ ಇಷ್ಟು. ಕೇಬಲ್‌ನಲ್ಲಿ ವೇಗದ ದಾರಿ ಇರುವುದು ನಾಲ್ಕು. ಚಿತ್ರಕ್ಕೆ ಎರಡು, ಯುಎಸ್‌ಬಿಗೆ ಎರಡು ಅಂತ ಹಂಚಿಕೊಂಡರೆ ಕಾರ್ಡ್ ಬೇಗ ಇಳಿಯುತ್ತದೆ. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿಗೆ ಉಳಿಯುವುದು ಆ ಹಳೇ 2.0 ತಂತಿ, ಅದರ ಕಾಗದದ ಮೇಲಿನ ಮಿತಿಯೇ ಸೆಕೆಂಡಿಗೆ 480 ಮೆಗಾಬಿಟ್. ಕೀಬೋರ್ಡ್, ಮೌಸ್‌ಗೆ ಧಾರಾಳ ಸಾಕು; ಕಾರ್ಡ್, ಹಾರ್ಡ್ ಡಿಸ್ಕ್‌ಗೆ ಸಾಲದು. ಚಾರ್ಜಿಂಗ್ ಬೇರೆ ತಂತಿಯಲ್ಲಿ ಹೋಗುವುದರಿಂದ ಈ ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾನಿಟರ್ ವಾಪಸ್ ಮಾಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಗೆಳೆಯನೊಬ್ಬ ತನ್ನ ಹೊಸ ಲ್ಯಾಪ್‌ಟಾಪ್ ತಂದು ಅದೇ ಕೇಬಲ್‌ಗೆ ಚುಚ್ಚಿದ. ಡೇಟಾ ವೇಗದ ಆಯ್ಕೆಯಲ್ಲೇ ಅವನಿಗೆ 4ಕೆ, 60 ಹರ್ಟ್ಜ್ ಎರಡೂ ಬಂತು! ಟೈಪ್-ಸಿಯಲ್ಲಿ ಚಿತ್ರ ಕಳಿಸುವ ಪದ್ಧತಿಗೆ ಡಿಸ್‌ಪ್ಲೇಪೋರ್ಟ್ ಅಂತಾರೆ; ಅವನದು ಅದರ 1.4 ಆವೃತ್ತಿ, ಒಂದು ದಾರಿಯಲ್ಲಿ ಸೆಕೆಂಡಿಗೆ 8.1 ಗಿಗಾಬಿಟ್ ತನಕ ಕಳಿಸುತ್ತದೆ, ಹಾಗಾಗಿ ಎರಡೇ ದಾರಿಯಲ್ಲಿ ಹೇಗೋ ಹಿಡಿಯುತ್ತದೆ. ನನ್ನದು ಹಳೇ 1.2, ಒಂದು ದಾರಿಗೆ 5.4. ದೂರು ಮಾನಿಟರ್ ಮೇಲಲ್ಲ, ನನ್ನ ಲ್ಯಾಪ್‌ಟಾಪ್ ಮೇಲೇ ಹೇಳಬೇಕಿತ್ತು. 4ಕೆ ಬದಲು 2560×1440ರ ಮಾನಿಟರ್ ತಗೊಂಡಿದ್ದರೆ ಈ ಲ್ಯಾಪ್‌ಟಾಪ್‌ನಲ್ಲೂ ಎರಡು ದಾರಿಯಲ್ಲೇ 60 ಹರ್ಟ್ಜ್ ಸಲೀಸಾಗಿ ಬರುತ್ತಿತ್ತು, ರಾಡಿಯೇ ಇರುತ್ತಿರಲಿಲ್ಲ. ಚರ್ಮದ ಬಣ್ಣ, ಸೀರೆ ಜರಿ ನೋಡುವ ಕೆಲಸಕ್ಕೆ 4ಕೆ ಬೇಕೇ ಬೇಕು ಅಂತ ಹಟ ಹಿಡಿದವನು ನಾನೇ. ಈಗ ಮೆನುವನ್ನು ಹೆಚ್ಚು ರೆಸಲ್ಯೂಷನ್‌ನಲ್ಲೇ ಬಿಟ್ಟು, ಕಾರ್ಡ್ ರೀಡರನ್ನು ಮಾತ್ರ ಲ್ಯಾಪ್‌ಟಾಪ್‌ನ ಇನ್ನೊಂದು ಪೋರ್ಟ್‌ಗೆ ಚುಚ್ಚುತ್ತೇನೆ. ಒಂದೇ ಕೇಬಲ್ ಅಂತ ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ, ಆದರೆ ಕೆಲಸ ನಡೀತಿದೆ.

ಚಾರ್ಜಿಂಗ್ ಬಗ್ಗೆ ತಕರಾರಿಲ್ಲ. ಮಾನಿಟರ್ 65 ವ್ಯಾಟ್ ಕೊಡುತ್ತದೆ, ಲ್ಯಾಪ್‌ಟಾಪ್‌ನ ಸ್ವಂತ ಚಾರ್ಜರೂ 65ರದ್ದೇ. ಗೇಮಿಂಗ್ ಲ್ಯಾಪ್‌ಟಾಪ್ ಇರುವವರು ಮಾತ್ರ ಚಾರ್ಜರ್ ಮೇಲಿನ ವ್ಯಾಟ್ ನೋಡಿಕೊಂಡು ತಗೊಳ್ಳಿ.

ಇನ್ನೊಂದು ಸಂಗತಿ ಅನುಭವಿಸಿದ ಮೇಲೇ ತಿಳಿಯಿತು. ಬೇಸಿಗೆಯ ಒಂದು ಸಂಜೆ ಕರೆಂಟ್ ಹೋಯಿತು. ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ಬದುಕಿತ್ತು, ಆದರೆ ಮಾನಿಟರ್ ಸತ್ತರೆ ಅದರ ಬೆನ್ನಿಗಿರುವ ಕೀಬೋರ್ಡ್, ಮೌಸ್, ಹಾರ್ಡ್ ಡಿಸ್ಕ್ ಎಲ್ಲವೂ ಒಟ್ಟಿಗೆ ಸಾಯುತ್ತವೆ. ಬ್ಯಾಕಪ್ ಅರ್ಧಕ್ಕೆ ನಿಂತು, ಆರತಕ್ಷತೆಯ ಫೋಲ್ಡರಿನಲ್ಲಿ ಹದಿನೇಳು ಫೈಲ್ ತೆರೆಯಲೇ ಇಲ್ಲ. ಕ್ಯಾಮೆರಾ ಕಾರ್ಡ್ ಇನ್ನೂ ಅಳಿಸಿರಲಿಲ್ಲ, ಬಚಾವಾದೆ. ಮಾರನೇ ದಿನವೇ ಮಾನಿಟರನ್ನು ಕಂಪ್ಯೂಟರ್ ಯುಪಿಎಸ್‌ಗೆ ಹಾಕಿದೆ. ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದೇನೆ, ಮಗ ಫೋನ್ ಚಾರ್ಜ್‌ಗೆ ಅಂತ ಕಿತ್ತುಕೊಂಡು ಹೋಗದಿರಲಿ ಅಂತ. ಆದರೂ ಎರಡು ಸಲ ಹೋಗಿದೆ.