ಪರಿಚಯ ವಿಡಿಯೊ: ಪಟ್ಟಿಯಿಂದ ಶುರುವೋ, ಬಸ್ ಸ್ಟ್ಯಾಂಡಿನಿಂದಲೋ?

ಕಾಸರಗೋಡಿನ ಕನ್ನಡಿಗರಿಗೆ ಮಲಯಾಳ ಓದಲು ಕಲಿಸುವ ಕೋರ್ಸಿಗೆ ಎರಡು ಸ್ಕ್ರಿಪ್ಟ್ ಬರೆದೆ. ಎರಡೂ ಒಂದೂವರೆ ನಿಮಿಷದವು.

ಮೊದಲನೆಯದು ಕಲಿಕೆಯ ಫಲಗಳ ಪಟ್ಟಿಯಿಂದ ಶುರುವಾಗುತ್ತದೆ: "ಈ ಕೋರ್ಸಿನ ಅಂತ್ಯದಲ್ಲಿ ಕಲಿಕಾರ್ಥಿಗಳು ಮಲಯಾಳ ಲಿಪಿಯ ಪರಿಚಯ ಪಡೆಯುತ್ತಾರೆ, ಅದರ ಮಹತ್ವವನ್ನು ಅರಿಯುತ್ತಾರೆ." ಕಲಿಕೆಯ ಫಲ ಮೊದಲ ಸಾಲಿನಲ್ಲೇ ಇದೆ, ನಿಜ. ಆದರೆ 'ಅರಿತರೋ' ಎಂದು ಪರೀಕ್ಷಿಸುವುದು ಹೇಗೆ? ಅಲ್ಲದೆ, ನೋಡುವವರನ್ನೇ 'ಕಲಿಕಾರ್ಥಿಗಳು' ಎಂದರೆ ಸುತ್ತೋಲೆ ಓದಿದ ಹಾಗೆ.

ಎರಡನೆಯದು: "ಬಸ್ ಬಂತು, ಬೋರ್ಡು ಮಲಯಾಳದಲ್ಲಿದೆ. ಬದಿಯಡ್ಕಕ್ಕೋ ಕುಂಬಳೆಗೋ ಅಂತ ಪಕ್ಕದವರನ್ನು ಕೇಳಬೇಕು. ನಾನೂ ಹೀಗೆ ಕೇಳಿದವಳೇ. ಆರು ಪಾಠ ಮುಗಿದಾಗ ನೀವು ಬಸ್ಸಿನ ಬೋರ್ಡನ್ನು ಯಾರ ಸಹಾಯವೂ ಇಲ್ಲದೆ ಓದುತ್ತೀರಿ, ನಿಮ್ಮ ಹೆಸರನ್ನು ಮಲಯಾಳದಲ್ಲಿ ಬರೆಯುತ್ತೀರಿ. ಒತ್ತಕ್ಷರ ಮಾತ್ರ ಸ್ವಲ್ಪ ಸತಾಯಿಸುತ್ತದೆ, ಅದಕ್ಕೆ ಎರಡು ಪಾಠ ಇಟ್ಟಿದ್ದೇನೆ."

ಇಲ್ಲಿ 'ಓದುತ್ತೀರಿ', 'ಬರೆಯುತ್ತೀರಿ' ಎರಡನ್ನೂ ಕಣ್ಣಾರೆ ನೋಡಿ ಹೇಳಬಹುದು. ಕಷ್ಟ ಎಲ್ಲಿದೆ ಎಂದು ಮೊದಲೇ ಒಪ್ಪಿಕೊಂಡದ್ದೇ ಸ್ನೇಹದ ಧ್ವನಿ. 'ಮಕ್ಕಳೇ' ಎನ್ನುವುದರಿಂದ ಅದು ಬರುವುದಿಲ್ಲ, ದೊಡ್ಡವರಿಗಂತೂ ಕಿರಿಕಿರಿ.

ಎರಡನೆಯದರ ಅಪಾಯ ಕಥೆ ಬೆಳೆಯುವುದು. ನನ್ನ ಮೊದಲ ಕರಡಿನಲ್ಲಿ ಕಂಡಕ್ಟರನ ಬೈಗುಳವೂ ಇತ್ತು. ಗಟ್ಟಿಯಾಗಿ ಓದಿ ನೋಡಿದರೆ ಫಲದ ಮಾತು ಬರುವಷ್ಟರಲ್ಲಿ ನಲವತ್ತು ಸೆಕೆಂಡು! ಮೂರೇ ವಾಕ್ಯಕ್ಕೆ ಇಳಿಸಿದೆ.

ಇಲಾಖಾ ಪರೀಕ್ಷೆಗೆ ಓದುವವರಿಗಾದರೆ ಪಟ್ಟಿಯೇ ಸರಿ, ಅವರಿಗೆ ಪಠ್ಯಕ್ರಮ ಹೊಂದುತ್ತದೋ ಎಂಬುದಷ್ಟೇ ಬೇಕು. ಆಗಲೂ 'ನೀವು' ಎನ್ನಿ, 'ಅರಿಯುವಿರಿ' ಬಿಡಿ. ಉಳಿದವರಿಗೆ ನನ್ನ ಆಯ್ಕೆ ಬಸ್ ಸ್ಟ್ಯಾಂಡು.