ಅಟ್ಟದ ಡಾಂಗಲ್, ಹತ್ತು ಮೀಟರ್ ಕೇಬಲ್, ಮತ್ತು ನಾನು ಸುಮ್ನೆ ಬೈದ ಮಳೆ

ಈ ಹತ್ತು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತೆಗೆದುಕೊಂಡು ಎರಡು ಮಳೆಗಾಲ ಮುಗಿಯಿತು. ಮೊದಲನೇ ಮಳೆಗಾಲದ ನಡುವೆ ಕೇಳಿದ್ದರೆ ಒಂದು ಸ್ಟಾರ್ ಕೂಡ ಕೊಡುತ್ತಿರಲಿಲ್ಲ. ಈಗ ನಾಲ್ಕು ಕೊಡುತ್ತಿದ್ದೇನೆ. ಉಳಿದ ಒಂದು ಸ್ಟಾರ್ ಕೇಬಲ್ ತುದಿಯಲ್ಲಿರುವ ಒಂದು ಸಣ್ಣ ತೂತಿನ ಲೆಕ್ಕಕ್ಕೆ ಹೋಗಿದೆ.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ, ತೋಟದ ತಗ್ಗಿನಲ್ಲಿ. ಮೂರು ಕಡೆ ಗುಡ್ಡ, ಸುತ್ತ ಸಿಲ್ವರ್ ಓಕ್. ಫೋನಿಗೆ ಸಿಗ್ನಲ್ ಬೇಕೆಂದರೆ ಕಣದ ತುದಿಗೆ ಹೋಗಿ ನಿಲ್ಲಬೇಕು, ಇಲ್ಲವೇ ಅಟ್ಟ ಹತ್ತಬೇಕು. ಅಟ್ಟದಲ್ಲೂ ಎಲ್ಲ ಕಡೆ ಸಿಗುವುದಿಲ್ಲ. ಪೂರ್ವದ ಗವಾಕ್ಷಿಯ ಪಕ್ಕ ಒಂದು ಮೊಳೆ ಇದೆ, ಅದರ ಆಸುಪಾಸಿನ ಒಂದಡಿ ಜಾಗದಲ್ಲಿ ಮಾತ್ರ. ನನ್ನ ಕೆಲಸದ ಮೇಜು ಇರುವುದು ಕೆಳಗೆ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ. ಜುಲೈ ತಿಂಗಳಲ್ಲಿ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ, ಹಾಗಾಗಿ ಮೇಜು ಅಲ್ಲಿಂದ ಕದಲುವುದಿಲ್ಲ. ಮೇಜಿನಿಂದ ಮೊಳೆಗೆ, ತೊಲೆ ಸುತ್ತಿಕೊಂಡು ಹೋದರೆ, ಒಂಬತ್ತೂವರೆ ಮೀಟರ್.

ಬೆಳಿಗ್ಗೆ ಏಣಿ ಹತ್ತಿ, ಸಿಮ್ ಹಾಕಿ ಲ್ಯಾಪ್‌ಟಾಪ್‌ಗೆ ನೆಟ್ ಕೊಡುವ ಡಾಂಗಲ್ ಅನ್ನು ಕೇಬಲ್ ತುದಿಗೆ ಸಿಕ್ಕಿಸಿ ಮೊಳೆಗೆ ನೇತುಹಾಕುವುದು, ಅದರ ದೀಪ ಹಸಿರಿನಿಂದ ನೀಲಿಗೆ ತಿರುಗುವ ತನಕ ಆಚೆ ಈಚೆ ಸ್ವಲ್ಪ ತಿರುಗಿಸುವುದು, ನೀಲಿ ಬಂದ ಕೂಡಲೇ ಉಸಿರು ಬಿಗಿಹಿಡಿದು ಕೈ ತೆಗೆಯುವುದು, ಆಮೇಲೆ ಕೆಳಗಿಳಿದು ಬೆಲ್ಲದ ಕರಿಕಾಫಿ ಕುಡಿಯುವುದು. ನನ್ನ ಆಫೀಸು ಶುರುವಾಗುವುದು ಹೀಗೆ. ಡಾಂಗಲ್ ಜಾರದ ಹಾಗೆ ಅಮ್ಮನ ಹಳೆಯ ಸೀರೆಯ ಅಂಚಿನಲ್ಲಿ ಒಂದು ಚಿಕ್ಕ ಜೋಳಿಗೆ ಹೊಲಿದುಕೊಂಡಿದ್ದೇನೆ.

ಈ ಕೇಬಲ್‌ಗೂ ಮೊದಲು ನಾನು ಜಿಪುಣತನ ಮಾಡಿದ್ದೆ. ಮೂರು ಮೀಟರಿನ ಮಾಮೂಲಿ ಎಕ್ಸ್‌ಟೆನ್ಷನ್‌ಗಳು ಮೂರು ತಂದು ಒಂದಕ್ಕೊಂದು ಸಿಕ್ಕಿಸಿದೆ. ಡಾಂಗಲ್‌ನ ದೀಪ ಹತ್ತಿತು, ಆದರೆ ಲ್ಯಾಪ್‌ಟಾಪ್‌ಗೆ ಅದು ಕಾಣಲೇ ಇಲ್ಲ. ಲ್ಯಾಪ್‌ಟಾಪ್ ಒಳಗೊಳಗೇ ಬರೆದುಕೊಳ್ಳುವ ದಿನಚರಿ ನೋಡಲು `dmesg` ಹಾಕಿದರೆ ಸಾಲುಗಟ್ಟಲೆ ಇದೇ:

```
usb 1-2: device descriptor read/64, error -71
usb 1-2: device not accepting address 6, error -71
usb usb1-port2: unable to enumerate USB device
```

ದೀಪ ಹತ್ತಿದೆ ಅಂದರೆ ಕರೆಂಟ್ ಹೇಗೋ ತಲುಪುತ್ತಿದೆ. ಮಾತುಕತೆ ಮಾತ್ರ ನಡೆಯುತ್ತಿಲ್ಲ. ಯುಎಸ್‌ಬಿ 2.0ಕ್ಕೆ ಒಂದು ಕೇಬಲ್‌ನ ಮಿತಿ 5 ಮೀಟರ್. ಈ ಮಿತಿ ತಂತಿ ದಪ್ಪವೋ ತೆಳುವೋ ಅನ್ನುವುದರಿಂದ ಬಂದಿದ್ದಲ್ಲ, ಸಮಯದಿಂದ ಬಂದಿದ್ದು. ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕಳಿಸಿ ಉತ್ತರಕ್ಕೆ ಇಂತಿಷ್ಟೇ ಹೊತ್ತು ಕಾಯುತ್ತದೆ. ಆ ಹೊತ್ತಿನೊಳಗೆ ಉತ್ತರ ಬರದಿದ್ದರೆ ಆ ಕಡೆ ಯಾರೂ ಇಲ್ಲ ಅಂದುಕೊಳ್ಳುತ್ತದೆ. ಒಂದು ಕೇಬಲ್ ದಾಟಲು ಸಿಗ್ನಲ್‌ಗೆ ಇರುವ ಅವಕಾಶ 26 ನ್ಯಾನೋಸೆಕೆಂಡ್ ಮಾತ್ರ. ಅದರ ಮೇಲೆ ಪ್ರತಿ ಜೋಡಣೆಯಲ್ಲೂ ಸಿಗ್ನಲ್ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ. ನಿಜ ಹೇಳಬೇಕೆಂದರೆ ಇಂಥ ಮಾಮೂಲಿ ಎಕ್ಸ್‌ಟೆನ್ಷನ್ ಕೇಬಲ್‌ಗೆ ಯುಎಸ್‌ಬಿ ನಿಯಮದಲ್ಲಿ ಜಾಗವೇ ಇಲ್ಲ. ಅಂಗಡಿಯಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತದೆ.

ಹಾಗಾಗಿ 1,150 ರೂಪಾಯಿ ಕೊಟ್ಟು ಈ 'ಆ್ಯಕ್ಟಿವ್' ಕೇಬಲ್ ತರಿಸಿದೆ. ನಡುವೆ ಒಂದು ಗಂಟು, ತುದಿಯಲ್ಲಿ ಇನ್ನೊಂದು. ಎರಡರೊಳಗೂ ಒಂದೊಂದು ಚಿಪ್. ಚಿಪ್ ಅಂದರೆ ಬೇರೇನಲ್ಲ, ಹಬ್. ಪ್ರತಿ ಐದು ಮೀಟರ್‌ಗೆ ಒಂದು ಹಬ್ ಕೂತು, ಮಸುಕಾದ ಸಿಗ್ನಲ್ ಅನ್ನು ಹೊಸದಾಗಿ ಬರೆದು ಮುಂದಕ್ಕೆ ದಾಟಿಸುತ್ತದೆ. `lsusb -t` ಹಾಕಿ ನೋಡಿದರೆ ಎರಡೂ ಹಬ್‌ಗಳು ಏಣಿಯ ಮೆಟ್ಟಿಲಿನ ಹಾಗೆ ಕಾಣುತ್ತವೆ, ಕೊನೆಯ ಮೆಟ್ಟಿಲಲ್ಲಿ ಡಾಂಗಲ್. ಮೊದಲ ದಿನವೇ ಕೆಲಸ ಮಾಡಿತು. ಅದು ಮೇ ತಿಂಗಳು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಜೂನ್ ಬಂತು, ಮಳೆ ಹಿಡಿಯಿತು. ಮೀಟಿಂಗ್ ನಡುವೆ ನೆಟ್ ಹೋಗುವುದು, ಅರ್ಧ ನಿಮಿಷ ಬಿಟ್ಟು ತಾನೇ ಬರುವುದು. ಜಡಿಮಳೆ ಜಾಸ್ತಿ ಇದ್ದ ದಿನ ಗಂಟೆಗೆ ಆರೇಳು ಸಲ. ನೆಟ್ ಹೋದರೆ ಕೊಡಗಿನಲ್ಲಿ ಯಾರೂ ಕೇಬಲ್ ನೋಡುವುದಿಲ್ಲ, ಆಕಾಶ ನೋಡುತ್ತಾರೆ. ನಾನೂ ಅದನ್ನೇ ಮಾಡಿದೆ. ಮಳೆಗೆ ಬೈದೆ, ಟವರ್‌ಗೆ ಬೈದೆ, ಸಿಮ್ ಬದಲಾಯಿಸಿದೆ. ಆಗಸ್ಟ್ ಹೊತ್ತಿಗೆ ಈ ಕೇಬಲ್ ಬಗ್ಗೆ ಬರೆಯಬಾರದ್ದನ್ನೆಲ್ಲ ಬರೆದಿಟ್ಟಿದ್ದೆ, ಹಾಕಿರಲಿಲ್ಲ ಅಷ್ಟೇ.

ಒಂದು ಸಂಜೆ ಮತ್ತೆ `dmesg` ನೋಡಿದೆ. ಈ ಸಲ -71 ಇರಲಿಲ್ಲ:

```
usb 1-2.1.1: USB disconnect, device number 7
usb 1-2.1.1: new high-speed USB device number 8 using xhci_hcd
```

ಡಾಂಗಲ್ ಅನ್ನು ಯಾರೋ ಕಿತ್ತು ಮತ್ತೆ ಸಿಕ್ಕಿಸಿದ ಹಾಗೆ. ಅಟ್ಟದಲ್ಲಿ ಯಾರೂ ಇರಲಿಲ್ಲ. ಬರೀ ಸಿಗ್ನಲ್ ಹೋಗಿದ್ದರೆ ಡಾಂಗಲ್ ತನ್ನ ಜಾಗದಲ್ಲೇ ಕೂತು ಟವರ್ ಹುಡುಕುತ್ತಿರುತ್ತದೆ, ಲ್ಯಾಪ್‌ಟಾಪ್‌ನ ಲೆಕ್ಕದಿಂದ ಮಾಯವಾಗುವುದಿಲ್ಲ. ಇದು ಆಫ್ ಆಗಿ ಆನ್ ಆಗುತ್ತಿತ್ತು.

350 ರೂಪಾಯಿಯ ಒಂದು ಯುಎಸ್‌ಬಿ ಟೆಸ್ಟರ್ ತರಿಸಿದೆ. ಬೆರಳುದ್ದದ ಸಾಮಾನು. ಕೇಬಲ್‌ಗೂ ಡಾಂಗಲ್‌ಗೂ ನಡುವೆ ಸಿಕ್ಕಿಸಿದರೆ ವೋಲ್ಟ್, ಆಂಪಿಯರ್ ಎರಡೂ ತೋರಿಸುತ್ತದೆ. ಲ್ಯಾಪ್‌ಟಾಪ್ ಬಾಯಲ್ಲಿ 5.05 ವೋಲ್ಟ್ ಇತ್ತು. ಅಟ್ಟದ ತುದಿಯಲ್ಲಿ, ಡಾಂಗಲ್ ಸುಮ್ಮನಿದ್ದಾಗ 0.15 ಆಂಪಿಯರ್, 4.7 ವೋಲ್ಟ್. ಪರವಾಗಿಲ್ಲ. ತಂಗಿಗೆ ಕೆಳಗಿನಿಂದ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಲು ಹೇಳಿ ನಾನು ಟಾರ್ಚ್ ಹಿಡಿದು ನೋಡುತ್ತಾ ಕೂತೆ. 0.5 ಆಂಪಿಯರ್‌ಗೆ ಏರಿತು, ವೋಲ್ಟ್ 4.0ಕ್ಕೆ ಇಳಿಯಿತು, ಟೆಸ್ಟರ್ ಒಮ್ಮೆ ಮಿನುಗಿತು. "ಅಕ್ಕಾ, ಹೋಯ್ತು!" ಅಂತ ಕೆಳಗಿನಿಂದ ಕೂಗು.

ಲೆಕ್ಕ ಸುಲಭ. ಡಾಂಗಲ್ 0.5, ಚಿಪ್‌ಗಳದ್ದು ಹೆಚ್ಚುಕಮ್ಮಿ 0.05, ಒಟ್ಟು 0.55 ಆಂಪಿಯರ್. ಕಳೆದುಹೋಗಿದ್ದು ಹೆಚ್ಚುಕಮ್ಮಿ ಒಂದು ವೋಲ್ಟ್. ಅಂದರೆ ತಂತಿಯ ತಡೆ ಸುಮಾರು 1.8 ಓಮ್. ಹತ್ತು ಮೀಟರ್ ಕೇಬಲ್ ಅಂದರೆ ಕರೆಂಟ್ ಹೋಗಲು ಹತ್ತು, ವಾಪಸ್ ಬರಲು ಹತ್ತು, ಇಪ್ಪತ್ತು ಮೀಟರ್ ತಂತಿ ಅನ್ನುವುದನ್ನು ಮರೆಯಬಾರದು. 24 ಗೇಜ್ ತಾಮ್ರದ ತಂತಿಗೆ ಇಪ್ಪತ್ತು ಮೀಟರ್‌ಗೆ ಸುಮಾರು 1.7 ಓಮ್ ಬರುತ್ತದೆ, ಉಳಿದದ್ದು ಜೋಡಣೆಗಳದ್ದು. ಹಾಗಾಗಿ ಕೇಬಲ್ ಮಾಡಿದವರು ತಂತಿಯಲ್ಲಿ ಮೋಸ ಮಾಡಿಲ್ಲ. ಅಗ್ಗದ ಕೇಬಲ್‌ಗಳಲ್ಲಿ ಇದಕ್ಕಿಂತ ತೆಳುವಾದ 28 ಗೇಜ್ ತಂತಿ ಇರುತ್ತದೆ. ಅದರಲ್ಲಿ ಇದೇ ದೂರಕ್ಕೆ 4 ಓಮ್ ದಾಟುತ್ತದೆ, ಎರಡು ವೋಲ್ಟ್ ದಾರಿಯಲ್ಲೇ ಖಾಲಿ. ಯುಎಸ್‌ಬಿ ಸಾಮಾನುಗಳು 4.4 ವೋಲ್ಟ್ ತನಕ ತಾಳಬೇಕು ಅಂತ ನಿಯಮ ಇದೆ. 4.0ಕ್ಕೆ ಬಂದಾಗ ನನ್ನ ಡಾಂಗಲ್ ಕೈಚೆಲ್ಲಿದ್ದರಲ್ಲಿ ಅದರ ತಪ್ಪಿಲ್ಲ.

ಹಾಗಾದರೆ ಮೇ ತಿಂಗಳಲ್ಲಿ ಯಾಕೆ ಸರಿಯಿತ್ತು? ಇಲ್ಲೇ ಮಳೆಯ ಪಾತ್ರ ಇರುವುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹತ್ತಿರದ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಆಗ ಡಾಂಗಲ್ ಗುಡ್ಡದ ಆಚೆಯ ದೂರದ ಟವರ್ ಹಿಡಿಯುತ್ತದೆ. ದೂರದವರಿಗೆ ಕೇಳಿಸಬೇಕೆಂದರೆ ಜೋರಾಗಿ ಕೂಗಬೇಕು, ಅಲ್ವಾ? ಡಾಂಗಲ್ ಕೂಡ ಹಾಗೇ, ಸಿಗ್ನಲ್ ಕಮ್ಮಿ ಆದಷ್ಟೂ ಜೋರಾಗಿ ಕಳಿಸುತ್ತದೆ, ಅದಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಎಳೆದ ಕೂಡಲೇ ತುದಿಯಲ್ಲಿ ವೋಲ್ಟ್ ಕುಸಿಯುತ್ತದೆ, ಡಾಂಗಲ್ ಸತ್ತು ಹುಟ್ಟುತ್ತದೆ. ನಾನು ಮಾತ್ರ ಮೋಡ ನೋಡುತ್ತಾ ಕೂತಿದ್ದೆ.

ಇನ್ನು ಆ ತೂತಿನ ಕಥೆ. ತುದಿಯ ಗಂಟಿನ ಪಕ್ಕ ಒಂದು ದುಂಡನೆಯ ಸಣ್ಣ ತೂತು ಇತ್ತು. ಇರುವೆ ಗೂಡು ಕಟ್ಟಬಾರದು ಅಂತ ಮೊದಲ ದಿನವೇ ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಅದು 5 ವೋಲ್ಟ್ ಅಡಾಪ್ಟರ್ ಸಿಕ್ಕಿಸುವ ಜಾಗ! ಪೆಟ್ಟಿಗೆಯ ಮೇಲೆ ಒಂದಕ್ಷರ ಇಲ್ಲ, ಜೊತೆಗೆ ಅಡಾಪ್ಟರ್ ಇಲ್ಲ. ಟೇಪ್ ಬಿಚ್ಚಿ ಲೆನ್ಸ್ ಹಿಡಿದು ನೋಡಿದಾಗ ಪ್ಲಾಸ್ಟಿಕ್ ಮೇಲೆ ಉಬ್ಬಿದ ಅಕ್ಷರದಲ್ಲಿ 5V ಅಂತ ಕಂಡಿತು. ಮೂರು ತಿಂಗಳ ಬೈಗುಳಕ್ಕೆ ಉತ್ತರ ನನ್ನದೇ ಟೇಪ್ ಕೆಳಗಿತ್ತು. ಆ ಒಂದು ಸ್ಟಾರ್ ಕಡಿತ ಇದಕ್ಕೇ.

ವೈರಿಂಗ್ ಮಾಡುವವರನ್ನು ಕರೆಸಿ ಅಟ್ಟಕ್ಕೆ ಇನ್ವರ್ಟರ್ ಲೈನಿಂದ ಒಂದು ಸಾಕೆಟ್ ಹಾಕಿಸಿದೆ. 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್‌ಗೆ 180 ರೂಪಾಯಿ. ಈಗ ಅಪ್‌ಲೋಡ್ ಮಾಡುವಾಗಲೂ ತುದಿಯಲ್ಲಿ 4.9 ನಿಲ್ಲುತ್ತದೆ. ಈ ವರ್ಷದ ಮಳೆಗಾಲದಲ್ಲಿ ನೆಟ್ ನಿಧಾನವಾಗಿದ್ದು ಎಷ್ಟೋ ಸಲ, ಆದರೆ ಡಾಂಗಲ್ ಕಿತ್ತುಕೊಂಡಿದ್ದು ಒಂದು ಸಲವೂ ಇಲ್ಲ.

ನೀವೂ ಹೀಗೆ ಮಾಡುವುದಾದರೆ ಎರಡು ವಿಷಯ ನೋಡಿಕೊಳ್ಳಿ. ವೈಫೈ ರೌಟರ್‌ನ 12 ವೋಲ್ಟ್ ಅಡಾಪ್ಟರ್‌ನ ಪಿನ್ನೂ ಇಂಥ ತೂತಿಗೆ ಸರಿಯಾಗಿ ಕೂರಬಹುದು, ಕೂತರೆ ಡಾಂಗಲ್ ಸುಟ್ಟಿತು ಅಂತಲೇ ಲೆಕ್ಕ. ಇನ್ನೊಂದು, ಕೆಲವು ಕೇಬಲ್‌ಗಳಲ್ಲಿ ಅಡಾಪ್ಟರ್‌ನ ಕರೆಂಟ್ ಹಿಂದಕ್ಕೆ ಹರಿದು ಲ್ಯಾಪ್‌ಟಾಪ್‌ಗೆ ನುಗ್ಗುತ್ತದೆ. ಲ್ಯಾಪ್‌ಟಾಪ್ ಕಡೆಯ ತುದಿ ಕಿತ್ತು ಟೆಸ್ಟರ್‌ಗೆ ಸಿಕ್ಕಿಸಿ ನೋಡಿ. ಟೆಸ್ಟರ್ ಹತ್ತಿಕೊಂಡರೆ ಆ ಕೇಬಲ್ ಬೇಡ. ನನ್ನದರಲ್ಲಿ ಹತ್ತಲಿಲ್ಲ.

ತಂಗಿ ಒಮ್ಮೆ ಅಟ್ಟದ ತುದಿಗೆ ನಾಲ್ಕು ಬಾಯಿಯ ಅಗ್ಗದ ಹಬ್ ಹಾಕಿ, ಕಣದಲ್ಲಿ ಒಣಗಲು ಹರಡಿದ ಕಾಫಿ ನೋಡಲು ಕ್ಯಾಮೆರಾನೂ ಸಿಕ್ಕಿಸಿದ್ದಳು. ಎರಡೂ ಆಫ್ ಆದವು. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಅಂದರೆ ಇರುವ 500 ಮಿಲಿಆಂಪಿಯರ್ ಅನ್ನೇ ಹಂಚುವುದು, ನಿಯಮದ ಪ್ರಕಾರ ಒಂದೊಂದು ಬಾಯಿಗೆ 100 ಮಾತ್ರ. ಫೋನ್ ಚಾರ್ಜ್ ಮಾಡಲು ಈ ಕೇಬಲ್ ಅಂತೂ ಬೇಡವೇ ಬೇಡ, ಅಪ್ಪ ಮಾಡಿ ನೋಡಿದ್ದಾರೆ. ರಾತ್ರಿಯಿಡೀ ಇಟ್ಟರೂ ಅರ್ಧ ತುಂಬಿರಲಿಲ್ಲ.

ಪಕ್ಕದ ತೋಟದ ಅಣ್ಣ ಬಂದು, ತಮ್ಮ ಗೋದಾಮಿಗೆ ಮೂವತ್ತೈದು ಮೀಟರ್ ಆಗುತ್ತದೆ, ಇಂಥದ್ದೇ ನಾಲ್ಕು ಜೋಡಿಸಲೇ ಅಂತ ಕೇಳಿದರು. ನಾಲ್ಕು ಕೇಬಲ್ ಅಂದರೆ ಎಂಟು ಹಬ್. ಸಾಲಾಗಿ ಐದಕ್ಕಿಂತ ಜಾಸ್ತಿ ಹಬ್ ಯುಎಸ್‌ಬಿ ಒಪ್ಪುವುದಿಲ್ಲ, ಎಷ್ಟು ಅಡಾಪ್ಟರ್ ಕೊಟ್ಟರೂ ಅಷ್ಟೇ. ಅವರಿಗೆ ಸಿಮ್ ಹಾಕುವ ರೌಟರ್ ಅನ್ನೇ ಸಿಗ್ನಲ್ ಇರುವಲ್ಲಿ ಇಟ್ಟು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಎಳೆಯಿರಿ ಅಂದೆ, ಅದು 100 ಮೀಟರ್ ತನಕ ಬರುತ್ತದೆ. "ಮತ್ತೆ ನೀನ್ಯಾಕೆ ಹಾಗೆ ಮಾಡ್ಲಿಲ್ಲ?" ಅಂದರು. ರೌಟರ್‌ಗೆ ಮೂರು ಸಾವಿರದ ಹತ್ತಿರ ಆಗುತ್ತಿತ್ತು, ಡಾಂಗಲ್ ನನ್ನ ಹತ್ತಿರ ಆಗಲೇ ಇತ್ತು. ಸಾಕೆಟ್ ಹಾಕಿಸಿದ ಕೂಲಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ.