ಗೀಸರ್ ಟ್ಯಾಂಕ್‌ಗೆ 5 ವರ್ಷ ವಾರಂಟಿ ಇದೆ ಅಂತ ಸುಮ್ನೆ ಕೂರಬೇಡಿ

ಸಾಮಾನು ಸಮೇತ ಮನೆ ಬಾಡಿಗೆಗೆ ಕೊಟ್ಟಿರುವವರು ದಯವಿಟ್ಟು ಓದಿ. ವಿಜಯಪುರದ ಜಲನಗರದಲ್ಲಿ ನಮ್ಮದೊಂದು ಮನೆ ಇದೆ. ಗೀಸರ್, ಎಸಿ, ವಾಷಿಂಗ್ ಮಷೀನ್ ಎಲ್ಲ ನಾವೇ ಹಾಕಿಸಿ ಕೊಟ್ಟಿದ್ದೇವೆ. ಹೋದ ಚಳಿಗಾಲದಲ್ಲಿ ಬಾಡಿಗೆಯವರು ಫೋನ್ ಮಾಡಿ, "ಅಣ್ಣಾರ, ಗೀಸರ್ ಕೆಳಗಿಂದ ನೀರು ಸೋರಾಕತ್ತೈತ್ರಿ" ಅಂದರು.

ನನಗೆ ಚಿಂತೆ ಆಗಲಿಲ್ಲ. ಕೊಂಡು ನಾಲ್ಕು ವರ್ಷವೂ ಆಗಿರಲಿಲ್ಲ, ಟ್ಯಾಂಕ್‌ಗೆ 5 ವರ್ಷ ವಾರಂಟಿ ಇತ್ತು. ಕಂಪನಿ ಹುಡುಗ ಬಂದು ಕೆಳಗಿನ ಮುಚ್ಚಳ ಬಿಚ್ಚಿದ. ಎರಡು ಬೊಗಸೆಯಷ್ಟು ಬಿಳಿ ಸುಣ್ಣದ ಚಕ್ಕೆ ಬಕೆಟ್‌ಗೆ ಬಿತ್ತು. ಆನೋಡ್ ರಾಡ್ ಇರಬೇಕಾದ ಕಡೆ ಬರೀ ತೆಳ್ಳನೆ ತಂತಿ ಉಳಿದಿತ್ತು.

ಆ ರಾಡ್ ಮೆಗ್ನೀಸಿಯಂದು. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯೋದೇ ಅದರ ಕೆಲಸ. ಅದು ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ. ನಮ್ಮ ಮನೆಯ ಸವಳು ಬೋರ್ ನೀರಿನಲ್ಲಿ ಅದು ಬೇಗನೇ ಮುಗಿದಿತ್ತು, ನಾನು ಒಮ್ಮೆಯೂ ತೆಗೆಸಿ ನೋಡಿರಲಿಲ್ಲ. ರಾಡ್ ಸವೆದಾಗ ಬದಲಿಸಿದ್ದಕ್ಕೆ ದಾಖಲೆ ಬೇಕು ಅಂತ ವಾರಂಟಿ ಕಾರ್ಡಿನಲ್ಲೇ ಸಣ್ಣಕ್ಷರದಲ್ಲಿ ಇತ್ತು. ಬಿಲ್ ತೆಗೆದರೆ ಅದು ಎಟಿಎಂ ಚೀಟಿಯಂಥ ಕಾಗದ, ಅಕ್ಷರ ಎಲ್ಲ ಅಳಿಸಿ ಬಿಳಿ ಆಗಿತ್ತು. ಅದರ ಮೇಲೆ, ಹಿಂದೊಮ್ಮೆ ಕಾಯಿಲ್ ಸುಟ್ಟಾಗ ಹೊರಗಿನ ಮೆಕ್ಯಾನಿಕ್‌ನಿಂದ ಬಿಚ್ಚಿಸಿದ್ದೆ. ವಾರಂಟಿ ಸಿಗಲಿಲ್ಲ. ಹೊಸದಕ್ಕೆ 8,400 ರೂಪಾಯಿ ಕೊಟ್ಟೆ. ಹೊಸ ರಾಡ್ ಹಾಕಿಸಿದ್ದರೆ ಐದಾರು ನೂರರಲ್ಲಿ ಮುಗಿಯುತ್ತಿತ್ತು.

ಈ ಹಣವನ್ನು ಬಾಡಿಗೆಯವರ ಡಿಪಾಸಿಟ್‌ನಲ್ಲಿ ಹಿಡಿಯಬೇಕು ಅಂತ ಮೊದಲು ಅನ್ನಿಸಿದ್ದು ನಿಜ. ಆದರೆ ಬಿಸಿ ಆಗುವಾಗ ಗುಡುಗುಡು ಸಪ್ಪಳ ಬರುತ್ತದೆ ಅಂತ ಅವರು ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಅದು ತಳದಲ್ಲಿ ಸುಣ್ಣ ಕಟ್ಟಿದ ಸದ್ದು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸವೆದು ಹಾಳಾದ ವಸ್ತುವಿಗೆ ಅವರಿಂದ ಹಣ ಕೇಳೋದು ಅನ್ಯಾಯ ಅಲ್ವಾ? ಅವರೇ ಒಡೆದು ಹಾಕಿದ್ದರೂ ಪೂರ್ತಿ ಬೆಲೆ ಹಿಡಿಯೋದು ತಪ್ಪು. 7 ವರ್ಷ ಬಾಳುತ್ತದೆ ಅಂತ ಇಟ್ಟುಕೊಂಡರೆ ಈ ಗೀಸರ್ ವರ್ಷಕ್ಕೆ 1,200 ಸವೆಯುತ್ತದೆ. ನಾಲ್ಕನೇ ವರ್ಷದ ಕೊನೆಗೆ ಉಳಿಯೋದು 3,600 ಮಾತ್ರ. ನಾನೂ ಈಗ ಅದೇ ಲೆಕ್ಕದಲ್ಲಿ ತಿಂಗಳ ಬಾಡಿಗೆಯಿಂದ 100 ರೂಪಾಯಿ ತೆಗೆದಿಡುತ್ತೇನೆ.

ಈಗ ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆಯುತ್ತೇನೆ, ಮಷೀನಿನ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರಿನದೂ ಸಹ. ವಾರಂಟಿ ಬರೆದಿಡುವಾಗ ಒಂದೇ ತಾರೀಕು ಹಾಕಬೇಡಿ. ಗೀಸರಿನಲ್ಲಿ ಟ್ಯಾಂಕ್‌ಗೆ ಬೇರೆ, ಕಾಯಿಲ್‌ಗೆ ಬೇರೆ. ಎಸಿ ಮೇಲೆ ದೊಡ್ಡದಾಗಿ ಬರೆದ 10 ವರ್ಷ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ, ವಾಷಿಂಗ್ ಮಷೀನಿನಲ್ಲಿ ಮೋಟರ್‌ಗೆ ಮಾತ್ರ.

ಹೊಸ ಗೀಸರಿನ ರಾಡನ್ನು ಆರು ತಿಂಗಳಿಗೇ ಬಿಚ್ಚಿಸಿ ನೋಡಿದೆ. ಕಾಲು ಭಾಗ ಸವೆದಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಬದಲಿಸೋದು ಅಂತ ತೀರ್ಮಾನ ಮಾಡಿ, ಮುಂದಿನ ತಾರೀಕನ್ನು ಬಾತ್‌ರೂಮ್ ಬಾಗಿಲ ಹಿಂದೆ ಅಂಟಿಸಿದ್ದೇನೆ. ಸರ್ವಿಸ್ ಚೀಟಿಯ ಒಂದು ಪ್ರತಿ ಬಾಡಿಗೆಯವರ ಹತ್ತಿರವೂ ಇದೆ.